ಸಾಲಿನ ತುದಿಯಲ್ಲಿ ಉಳಿದ ‘ಸ’

ಪಿರಿಯಾಪಟ್ಟಣದಲ್ಲಿ ಒಂಬತ್ತನೇ ತರಗತಿ ಓದುತ್ತಿರುವ ನನ್ನ ತಂಗಿಯ ಮಗಳು ಒಂದು ಭಾನುವಾರ ನೋಟ್‌ಬುಕ್ ಹಿಡಿದು ಬಂದು ಕೂತಳು. ಕುಮಾರವ್ಯಾಸನ ಒಂದು ಸ್ತುತಿಪದ್ಯಕ್ಕೆ ಸಾಲು ಸಾಲಾಗಿ ಅರ್ಥ, ಪಕ್ಕದಲ್ಲಿ ಕಠಿಣ ಪದಗಳ ಅರ್ಥ ಬರೆಯಬೇಕಿತ್ತು. ಅವಳು ಆಗಲೇ ಆರು ಸಾಲಿಗೆ ಆರು ಅಂಕಿ ಹಾಕಿ, ಒಂದನೆಯದರ ಮುಂದೆ ಎರಡು ಪದ ಗೀಚಿ ನಿಂತುಬಿಟ್ಟಿದ್ದಳು. ‘ಮಾವ, ಮೊದಲನೇ ಸಾಲಿನ ಕೊನೇಲಿ ಬರೀ ‘ಸ’ ಅಂತ ಐತಲ್ಲ, ಅದಕ್ಕೇನು ಬರೀಲಿ?’

ಅವಳನ್ನು ಕಟ್ಟಿಹಾಕಿದ್ದ ಪದ್ಯ ಹದಿನೈದನೆಯ ಶತಮಾನದ್ದು. ಕರ್ಣಾಟ ಭಾರತ ಕಥಾಮಂಜರಿಯ ಆರಂಭದಲ್ಲಿ ಗದುಗಿನ ವೀರನಾರಾಯಣನನ್ನು ‘ಕಾಪಾಡು’ ಎಂದು ಕೇಳಿಕೊಳ್ಳುವ ಪದ್ಯಗಳಿವೆ. ಅವುಗಳಲ್ಲಿ ಒಂದು, ದೇವರ ಹೆಸರನ್ನು ನೇರವಾಗಿ ಹೇಳದೆ, ಇವನ ಮಗ, ಅವನ ಮಾವ, ಇವಳ ನಾದಿನಿ ಎಂದು ನೆಂಟಸ್ತಿಕೆಯ ಸರಪಣಿ ಹೆಣೆದು ಕೃಷ್ಣನ ಬಳಿಗೆ ಕರೆದುಕೊಂಡು ಹೋಗುತ್ತದೆ. ವೇದಪುರುಷನಿಂದ ಶುರುವಾಗುವ ಈ ಒಗಟಿನ ಪದ್ಯ ಗಮಕದವರ ಬಾಯಲ್ಲಿ ಇಂದಿಗೂ ಇದೆ. ಪುಸ್ತಕವಿದ್ದರೆ ಪದ್ಯವನ್ನು ಎದುರಿಗಿಟ್ಟುಕೊಂಡೇ ಮುಂದಿನದನ್ನು ಓದಿ.

ಮೊದಲು ಆ ‘ಸ’ದ ಗುಟ್ಟು. ಪದ್ಯ ಭಾಮಿನಿ ಷಟ್ಪದಿಯಲ್ಲಿದೆ. ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಲ್ಲಿ ಮೂರು, ನಾಲ್ಕು, ಮೂರು, ನಾಲ್ಕು ಮಾತ್ರೆಗಳ ಗಣಗಳು ಬಂದು ಒಟ್ಟು 14 ಮಾತ್ರೆ ಆಗುತ್ತವೆ. ಮೂರು ಮತ್ತು ಆರನೆಯ ಸಾಲಿನಲ್ಲಿ ಅದೇ ಜೋಡಿ ಮೂರು ಸಲ ಬಂದು ಮೇಲೊಂದು ಗುರು ಕೂತು 23 ಮಾತ್ರೆ. ಇಷ್ಟನ್ನು ಪಾಠದಲ್ಲಿ ಎಲ್ಲರೂ ಕಲಿಯುತ್ತಾರೆ. ಇದರ ಜೊತೆಗೆ ಆದಿಪ್ರಾಸವಿದೆ: ಆರೂ ಸಾಲಿನ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಬರಬೇಕು. ಈ ಪದ್ಯದಲ್ಲಿ ಅದು ‘ದ’. ಈಗ ‘ಸಹೋದರ’ ಎಂಬ ಪದವನ್ನು ನೋಡಿ. ಅದರಲ್ಲಿ ‘ದ’ ಇರುವುದು ಮೂರನೆಯ ಅಕ್ಷರವಾಗಿ. ಅದನ್ನು ಎರಡನೆಯದಾಗಿಸಲು ಕವಿ ‘ಸ’ವನ್ನು ಮೇಲಿನ ಸಾಲಿಗೆ ತಳ್ಳಿ, ‘ಹೋದರ’ದಿಂದ ಎರಡನೆಯ ಸಾಲನ್ನು ಎತ್ತಿಕೊಂಡಿದ್ದಾನೆ. ಎರಡನೆಯ ಸಾಲಿನ ತುದಿಯಲ್ಲೂ ಇದೇ ಕೆಲಸ. ‘ತಳೋದರಿ’ಯಲ್ಲಿ ‘ತ’ ಮೇಲೆ, ‘ಳೋದರಿ’ ಕೆಳಗೆ. ಕತ್ತರಿಸಿದ್ದು ಎಲ್ಲಿ ಬೇಕೋ ಸರಿಯಾಗಿ ಅಲ್ಲೇ. ಮಾತ್ರೆಯೂ ಕೂಡಿತು, ಪ್ರಾಸವೂ ಕೂತಿತು.

ಆದ್ದರಿಂದ ಷಟ್ಪದಿಗೆ ಸಾಲು ಸಾಲಾಗಿ ಅರ್ಥ ಬರೆಯಲು ಹೊರಟರೆ ಮೊದಲ ಸಾಲಿನಲ್ಲೇ ಎಡವುತ್ತೇವೆ. ಸಾಲು ಎನ್ನುವುದು ತಾಳದ ಅಳತೆ. ಮಾತಿನ ಅಳತೆ ಬೇರೆ. ಪದ ಒಡೆದಿದೆ ಎಂದು ತಿಳಿಯಲು ಸುಲಭದ ಗುರುತೊಂದಿದೆ. ಕನ್ನಡದಲ್ಲಿ ‘ಳ’ದಿಂದ ಯಾವ ಪದವೂ ಶುರುವಾಗುವುದಿಲ್ಲ. ಸಾಲಿನ ಮೊದಲಲ್ಲಿ ‘ಳೋ’ ಕಂಡರೆ ಅದರ ತಲೆ ಮೇಲಿನ ಸಾಲಿನಲ್ಲಿದೆ ಎಂದೇ ಅರ್ಥ. ನಾನು ಅವಳಿಗೆ ಆ ಆರು ಅಂಕಿಗಳನ್ನು ಅಳಿಸಿಹಾಕಿ, ಇಡೀ ಪದ್ಯವನ್ನು ಗದ್ಯದ ಹಾಗೆ ಒಂದೇ ಓಟದಲ್ಲಿ ಬರೆದುಕೊಳ್ಳಲು ಹೇಳಿದೆ. ಬಿಡಿಸಿದ ಪದಗಳ ನಡುವೆ ಪೆನ್ಸಿಲಿನಲ್ಲಿ ಗೀಟು. ಪದಚ್ಛೇದ ಎಂದರೆ ಇಷ್ಟೇ.

ಗೀಟು ಎಳೆಯುವಾಗ ಮೂರು ಕಡೆ ಅವಳ ಪೆನ್ಸಿಲ್ ನಿಂತಿತು, ಮೂರೂ ಕಡೆ ನಿಲ್ಲಬೇಕಾದದ್ದೇ. ಮೊದಲನೆಯದು ‘ಮಾವ’ನ ನಂತರ ಬರುವ ‘ನನ’. ಅದು ‘ಮಾವನನು’ ಎಂಬುದರ ಬಾಲ. ನಾವು ಈಗ ‘ಮಾವನನ್ನು’ ಎನ್ನುತ್ತೇವೆ. ನಡುಗನ್ನಡದಲ್ಲಿ ಒತ್ತಿಲ್ಲದೆ ‘ಅನು’ ಎಂದೇ ಬರುತ್ತದೆ. ಮುಂದಿನ ಪದ ‘ಅತುಳ’ ಸ್ವರದಿಂದ ಶುರುವಾದ್ದರಿಂದ ‘ನು’ವಿನ ಉಕಾರ ಲೋಪವಾಗಿ ಎರಡೂ ಅಂಟಿಕೊಂಡಿವೆ. ಇದನ್ನು ಬಿಡಿಸದಿದ್ದರೆ ಮಾವ ಹೋರಾಡಿದನೋ ಮಾವನ ಮೇಲೆ ಇನ್ನೊಬ್ಬ ಹೋರಾಡಿದನೋ ತಿಳಿಯುವುದೇ ಇಲ್ಲ.

ಎರಡನೆಯದು ‘ಗೆಲಿದನ’. ಮಕ್ಕಳು ಇದನ್ನು ‘ಗೆದ್ದನು’ ಎಂದು ಓದಿ ವಾಕ್ಯವನ್ನು ಅಲ್ಲೇ ಮುಗಿಸಿಬಿಡುತ್ತಾರೆ. ಇಲ್ಲಿ ಅದು ಕ್ರಿಯಾಪದವಲ್ಲ. ‘ಗೆದ್ದವನ’ ಎಂದು ಷಷ್ಠಿಯಲ್ಲಿರುವ ನಾಮಪದ. ಮುಂದೆ ‘ಅಣ್ಣ’ ಇರುವುದರಿಂದ ‘ಗೆದ್ದವನ ಅಣ್ಣ’. ನಿಘಂಟಿನಲ್ಲಿ ‘ಗೆಲಿದನ’ ಎಂದು ಹುಡುಕಿದರೆ ಸಿಗದು. 1894ರ ಕಿಟ್ಟೆಲ್ ಕೋಶವಾಗಲಿ ಸಾಹಿತ್ಯ ಪರಿಷತ್ತಿನ ನಿಘಂಟಾಗಲಿ, ಧಾತುವನ್ನು ಹಿಡಿದು ‘ಗೆಲ್’ ಅಥವಾ ‘ಗೆಲ್ಲು’ ಎಂಬಲ್ಲಿ ನೋಡಬೇಕು. ಅದರ ಪಕ್ಕದ ‘ಕಾದಿ’ಯೂ ಹೀಗೆಯೇ. ‘ಕಾಯ್ದುಕೊಂಡು ಕೂತು ಅಂತಾನಾ ಮಾವ?’ ಎಂದಳು. ಬಸ್ ಕಾದು ಕಾದು ಬೇಸತ್ತವರಿಗೆ ಹಾಗೇ ಹೊಳೆಯುತ್ತದೆ. ಆದರೆ ‘ಕಾದು’ ಎಂಬ ಧಾತುವಿಗೆ ಹೋರಾಡು ಎಂಬ ಅರ್ಥವಿದೆ. ‘ಕಾದಾಟ’ದಲ್ಲಿ ಅದು ಇನ್ನೂ ಬದುಕಿದೆ. ಭುಜಬಲದ ಮಾತು ಪಕ್ಕದಲ್ಲೇ ಇರುವಾಗ ಬೇರೆ ಅರ್ಥಕ್ಕೆ ಎಡೆಯಿಲ್ಲ.

ಮೂರನೆಯ ಗಂಟನ್ನು ಕೊನೆಗೆ ಬಿಡಿಸೋಣ. ಈಗ ಸರಪಣಿ.

ಸರಪಣಿಯ ಪದ್ಯವನ್ನು ಮೊದಲಿಂದ ಓದಿದರೆ ದಾರಿ ತಪ್ಪುತ್ತದೆ, ಏಕೆಂದರೆ ಮೊದಲ ಕೊಂಡಿಗಳಲ್ಲಿ ‘ಸುತನ’, ‘ಸುತನ’ ಎಂದಷ್ಟೇ ಇದೆ. ಯಾವ ಮಗ ಎಂದು ಹೇಳಿಲ್ಲ. ಕೊನೆಯದು ಗೊತ್ತಿರುವ ಹೆಸರು. ಅಲ್ಲಿಂದ ಹಿಂದಕ್ಕೆ ನಡೆಯಬೇಕು. ವೀರನಾರಾಯಣನೆಂದರೆ ಇಲ್ಲಿ ಕೃಷ್ಣ. ಅವನು ಹುಟ್ಟಿದ್ದು ದೇವಕಿಯ ಜಠರದಲ್ಲಿ, ಅಂದರೆ ಹೊಟ್ಟೆಯಲ್ಲಿ. ದೇವಕಿಯನ್ನು ‘ನಾದಿನಿ’ ಎನ್ನಬಹುದಾದವಳು ಯಾರು? ದೇವಕಿಯ ಗಂಡ ವಸುದೇವ. ಅವನ ಒಡಹುಟ್ಟಿದವಳು ಕುಂತಿ. ‘ನಾದಿನಿ’ ಎಂದರೆ ನಮ್ಮ ಕಡೆ ಮೊದಲು ನೆನಪಾಗುವುದು ಹೆಂಡತಿಯ ತಂಗಿ. ಇಲ್ಲಿ ಒಡಹುಟ್ಟಿದವನ ಹೆಂಡತಿ ಎಂದು ತೆಗೆದುಕೊಳ್ಳಬೇಕು. ‘ಅವ್ವೆ’ ಎಂದರೆ ತಾಯಿ ಎಂದು ಪಿರಿಯಾಪಟ್ಟಣದ ಹುಡುಗಿಗೆ ಹೇಳಿಕೊಡುವುದು ಬೇಡ, ಅವಳು ದಿನಾ ‘ಅವ್ವ’ ಎಂದೇ ಕರೆಯುತ್ತಾಳೆ. ಯಾರ ಅವ್ವೆ? ‘ಅಣ್ಣ’ನ ಅವ್ವೆ. ಕುಂತಿಯ ಮಕ್ಕಳಲ್ಲಿ ಅಣ್ಣನೆಂದರೆ ಧರ್ಮರಾಯ. ಅವನನ್ನು ಅಣ್ಣ ಎನ್ನುವವನು, ಕಾದಾಡಿ ಒಬ್ಬನನ್ನು ಗೆದ್ದವನು, ‘ಅತುಳ’ ಭುಜಬಲದವನು: ‘ತುಳ’ ಎಂದರೆ ತುಲಾ, ತೂಗಿ ಸರಿಸಾಟಿ ಹೇಳಲಾಗದ ಬಲ. ಅವನು ಭೀಮ. ಭೀಮ ಮಲ್ಲಯುದ್ಧದಲ್ಲಿ ಗೆದ್ದ ಹೆಸರಾಂತ ರಾಜ ಜರಾಸಂಧ.

ಇಲ್ಲಿ ಇಬ್ಬರು ಮಾವಂದಿರು ಅಕ್ಕಪಕ್ಕ ನಿಂತಿದ್ದಾರೆ: ‘ಮಾತುಳ’ ಮತ್ತು ‘ಮಾವ’. ಅವಳು ಎರಡಕ್ಕೂ ‘ಮಾವ’ ಎಂದೇ ಬರೆದಿದ್ದಳು. ತಪ್ಪೆನ್ನುವಂತಿಲ್ಲ, ನಮ್ಮ ಮಾತಿನಲ್ಲಿ ತಾಯಿಯ ತಮ್ಮನೂ ಮಾವನೇ, ಹೆಣ್ಣು ಕೊಟ್ಟವನೂ ಮಾವನೇ. ಸಂಸ್ಕೃತದ ‘ಮಾತುಳ’ ಮಾತ್ರ ತಾಯಿಯ ಒಡಹುಟ್ಟಿದವನು. ‘ಮಾತುಳ ಎಂದರೆ ನಾನು ನಿನಗೆ ಏನಾಗಬೇಕೋ ಅದು’ ಎಂದೆ, ಆಮೇಲೆ ಗೊಂದಲವಾಗಲಿಲ್ಲ. ಕವಿ ಎರಡು ಬೇರೆ ಪದ ಬಳಸಿದ್ದರಿಂದ ‘ಮಾವ’ನನ್ನು ಹೆಣ್ಣು ಕೊಟ್ಟ ಮಾವ ಎಂದು ಇಟ್ಟುಕೊಂಡರೆ ಲೆಕ್ಕ ಸರಿಹೋಗುತ್ತದೆ. ಜರಾಸಂಧ ತನ್ನ ಇಬ್ಬರು ಹೆಣ್ಣುಮಕ್ಕಳನ್ನು, ಅಸ್ತಿ ಮತ್ತು ಪ್ರಾಪ್ತಿಯನ್ನು, ಕೊಟ್ಟದ್ದು ಕಂಸನಿಗೆ. ಹಾಗಾದರೆ ಮಾತುಳ ಕಂಸ. ಕಂಸ ದೇವಕಿಯ ಅಣ್ಣನ ಸ್ಥಾನದವನು. ವಸುದೇವನ ಮಗಳಾದ ಸುಭದ್ರೆಗೆ ಅವನು ಸೋದರಮಾವ. ಆ ‘ತಳೋದರಿ’ ಸುಭದ್ರೆಯೇ. ತೆಳುವಾದ ಉದರ, ಸಣ್ಣ ಹೊಟ್ಟೆಯ ಹೆಣ್ಣು ಎಂದು ಪದದ ಅರ್ಥ. ಹಳೆಯ ಕಾವ್ಯದಲ್ಲಿ ಸುಂದರಿ, ಅಥವಾ ‘ಒಬ್ಬನ ತಳೋದರಿ’ ಎಂದಾಗ ಅವನ ಹೆಂಡತಿ. ‘ಬಳುಕುವ ಸೊಂಟದವಳು’ ಎಂದೆಲ್ಲ ವರ್ಣಿಸಿ ಬರೆಯುವ ಅಗತ್ಯವಿಲ್ಲ, ಹೆಂಡತಿ ಎಂದು ಬರೆದರೆ ಸಾಕು.

ಸುಭದ್ರೆ ಸಿಕ್ಕಿದ ಮೇಲೆ ಗಂಡ ಅರ್ಜುನ, ಅವನ ತಂದೆ ಇಂದ್ರ. ಇಂದ್ರನನ್ನು ಪದ್ಯ ‘ಹೆಮ್ಮಗ’ ಎನ್ನುತ್ತದೆ. ಈ ಪದದ ಮುಂದೆ ನಾವಿಬ್ಬರೂ ಬಹಳ ಹೊತ್ತು ಕೂತೆವು. ಹಳಗನ್ನಡದ ‘ಪಿರಿದು’, ‘ಪಿರಿಯ’ಗಳು ಪಕಾರ ಹಕಾರವಾಗಿ ‘ಹಿರಿದು’, ‘ಹಿರಿಯ’ ಆದವು. ಸಮಾಸದಲ್ಲಿ ಅದೇ ‘ಪೆರ್’, ‘ಹೆರ್’ ಎಂದಾಗುತ್ತದೆ: ಹೆದ್ದಾರಿ, ಹೆಮ್ಮರ, ಹೆಮ್ಮಗ. ಅವಳ ಊರಿನ ಹೆಸರಿನಲ್ಲಿ ಆ ಹಳೆಯ ‘ಪ’ ಇನ್ನೂ ಉಳಿದುಕೊಂಡಿದೆ, ಬಸ್ಸಿನ ಬೋರ್ಡಿನ ಮೇಲೆ ದಿನಾ ಓದುತ್ತಾಳೆ. ಹಾಗೆ ನೋಡಿದರೆ ಹೆಮ್ಮಗ ಎಂದರೆ ಹಿರಿಯ ಮಗ. ಆದರೆ ಆ ಅರ್ಥ ಇಟ್ಟರೆ ಸರಪಣಿ ತುಂಡಾಗುತ್ತದೆ. ವೇದಪುರುಷ ನಾರಾಯಣ, ಅವನ ಸುತ ಬ್ರಹ್ಮ, ಬ್ರಹ್ಮನ ಸುತ ನಾರದನೆಂದರೆ ಅವನ ಸಹೋದರ ಮರೀಚಿ, ಮರೀಚಿಯ ಮಗ ಕಶ್ಯಪ. ಕಶ್ಯಪನ ಮಗ ಇಂದ್ರ, ಇಂದ್ರನ ಹೆಂಡತಿ ಶಚಿ. ಶಚಿಯ ಸೋದರಮಾವನನ್ನು ಹಿಡಿದು ಹೊರಟರೆ ಜರಾಸಂಧನ ಬಳಿಗೆ ದಾರಿಯೇ ಇಲ್ಲ. ಒಂದು ತಲೆಮಾರು ಕಡಿಮೆ ಬೀಳುತ್ತಿದೆ. ‘ಹೆಮ್ಮಗ’ನನ್ನು ಮೊಮ್ಮಗ ಎಂದಿಟ್ಟರೆ ಮರೀಚಿಯ ಮೊಮ್ಮಗ ಇಂದ್ರ, ಅವನ ಮಗ ಅರ್ಜುನ, ಎರಡೂ ಕಡೆಯಿಂದ ಬಂದ ದಾರಿ ಕೂಡಿಕೊಳ್ಳುತ್ತದೆ. ನಿಘಂಟು ಕೊಟ್ಟ ಮೊದಲ ಅರ್ಥ ಪದ್ಯದಲ್ಲಿ ಕೂರುತ್ತದೋ ಇಲ್ಲವೋ ಎಂದು ಪರೀಕ್ಷಿಸಲು ಹೀಗೆ ತುದಿಯಿಂದ ನಡೆದು ಬಂದದ್ದು ಉಪಯೋಗಕ್ಕೆ ಬಂತು. ಮೊದಲಿಂದಲೇ ಹೋಗಿದ್ದರೆ ಶಚಿಯ ಮನೆಯಲ್ಲೇ ಉಳಿಯುತ್ತಿದ್ದೆವು.

ಇನ್ನು ಉಳಿದ ಗಂಟು ಐದನೆಯ ಸಾಲಿನ ತುದಿಯದು. ‘ಜನಿಸಿದ’ ಎಂದು ಅಲ್ಲಿ ನಿಂತು, ಆರನೆಯ ಸಾಲು ‘ನಾದಿ’ ಎಂದು ಶುರುವಾಗುತ್ತದೆ. ಎರಡು ರೀತಿಯಲ್ಲಿ ಬಿಡಿಸಬಹುದು. ‘ಜನಿಸಿದನು, ಆದಿಮೂರುತಿ’ ಎಂದರೆ ಹುಟ್ಟಿದನು ಎಂದು ವಾಕ್ಯ ಮುಗಿದು, ಮೊದಲ ಮೂರ್ತಿಯೇ ಎಂದು ಕರೆದಂತಾಗುತ್ತದೆ. ‘ಜನಿಸಿದ, ಅನಾದಿಮೂರುತಿ’ ಎಂದರೆ ಹುಟ್ಟಿದಂಥ, ಮೊದಲೇ ಇಲ್ಲದ ಮೂರ್ತಿ. ನನಗೆ ಎರಡನೆಯದೇ ಸರಿ ಎನಿಸುತ್ತದೆ. ಇಷ್ಟು ಉದ್ದದ ನೆಂಟಸ್ತಿಕೆ ಹೇಳಿ, ಒಬ್ಬಳ ಹೊಟ್ಟೆಯಲ್ಲಿ ಹುಟ್ಟಿಸಿ, ಆ ಉಸಿರಿನಲ್ಲೇ ‘ನಿನಗೆ ಹುಟ್ಟೇ ಇಲ್ಲ’ ಎನ್ನುವುದರಲ್ಲಿ ಸ್ತುತಿಯ ಸ್ವಾರಸ್ಯವಿದೆ. ವ್ಯಾಕರಣ ಎರಡಕ್ಕೂ ಒಪ್ಪುತ್ತದೆ, ಆದ್ದರಿಂದ ಬೇರೆಯವರು ಮೊದಲನೆಯದನ್ನು ಬರೆದರೆ ತಪ್ಪೆಂದು ಹೊಡೆದುಹಾಕಲಾಗದು. ‘ಸಲಹೊ’ ಎಂದರೆ ಸಾಕು, ಕಾಪಾಡು. ‘ನಾರಯಣ’ದಲ್ಲಿ ‘ರಾ’ ಗಿಡ್ಡವಾಗಿರುವುದು ಅಚ್ಚಿನ ತಪ್ಪಲ್ಲ. ಆ ಗಣಕ್ಕೆ ‘ನಾರಯ’ ಎಂಬ ನಾಲ್ಕೇ ಮಾತ್ರೆ ಬೇಕು, ಕೊನೆಯ ‘ಣ’ ಗುರುವಾಗಿ ಉಳಿಯುತ್ತದೆ. ಅವಳು ಅದನ್ನು ಆಗಲೇ ಕೆಂಪು ಪೆನ್ನಿನಲ್ಲಿ ತಿದ್ದಿಬಿಟ್ಟಿದ್ದಳು.

ಕೊನೆಗೆ ನೋಟ್‌ಬುಕ್ಕಿನಲ್ಲಿ ಸಾಲಿಗೆ ಅಂಕಿ ಹಾಕುವ ಬದಲು ಪದ್ಯವನ್ನು ಮೂರು ತುಂಡು ಮಾಡಿಕೊಂಡಳು: ನಾರಾಯಣನಿಂದ ಅರ್ಜುನನವರೆಗೆ ಒಂದು, ಸುಭದ್ರೆಯಿಂದ ಭೀಮನವರೆಗೆ ಒಂದು, ಧರ್ಮರಾಯನಿಂದ ಕೃಷ್ಣನವರೆಗೆ ಒಂದು. ಪ್ರತಿ ತುಂಡಿನ ಕೆಳಗೆ ಬಿಡಿಸಿದ ಪದಗಳು, ಅವುಗಳ ಅರ್ಥ, ಆಮೇಲೆ ಎರಡು ಸಾಲಿನ ತಾತ್ಪರ್ಯ. ಮೊದಲ ತುಂಡಿನ ‘ಹೆಮ್ಮಗ: ಮೊಮ್ಮಗ’ ಎಂಬುದರ ಪಕ್ಕ ತಾನಾಗೇ ಒಂದು ಪ್ರಶ್ನೆ ಚಿಹ್ನೆ ಹಾಕಿ, ಅಂಚಿನಲ್ಲಿ ಸಣ್ಣಗೆ ‘ಹಿರಿಯ ಮಗ ಅಂದ್ರೆ ಶಚಿ ಬತ್ತಾಳೆ’ ಎಂದು ಬರೆದಳು.