ಹಸು ತನ್ನ ಮೈಯಿಂದ ಎಷ್ಟು ಹಾಲು ಕೊಡುತ್ತಿದೆ? ಟೇಪು ಹಿಡಿದು ಲೆಕ್ಕ ಹಾಕಿ



ನಮ್ಮ ಸಂಘದ ಸದಸ್ಯೆಯೊಬ್ಬರು ಮೊನ್ನೆ ಹೇಳಿದರು: "ಡಾಕ್ಟ್ರೇ, ಹಸು ದಿನಕ್ಕೆ 16 ಲೀಟರ್ ಕೊಡ್ತಿದೆ, ಮೇವು ತಿನ್ನೋದ್ರಲ್ಲೂ ಕಮ್ಮಿ ಇಲ್ಲ. ಆದ್ರೆ ಕರು ಹಾಕಿ 70 ದಿನ ಆದ್ರೂ ಬೆದೆಗೆ ಬಂದಿಲ್ಲ." ಅವರ ಎಚ್.ಎಫ್. ಮಿಶ್ರತಳಿ ಹಸು ಎರಡನೇ ಸೂಲಿನದು. ಹಾಲಿನ ಪುಸ್ತಕ ನೋಡಿದರೆ ಯಾವ ತೊಂದರೆಯೂ ಕಾಣುವುದಿಲ್ಲ. ಆದರೆ ಮೇವಿನಲ್ಲಿ ಸಿಗದ ಶಕ್ತಿಯನ್ನು ಹಸು ತನ್ನ ಕೊಬ್ಬು ಕರಗಿಸಿ ಹಾಲಿಗೆ ಕೊಡುತ್ತದೆ. ಹಾಗಾಗಿ ಕೊರತೆ ಕ್ಯಾನಿನಲ್ಲಿ ಕಾಣದೆ ಹಸುವಿನ ಮೈಯಲ್ಲಿ ಕಾಣುತ್ತದೆ. ಆ ಕೊರತೆ ದಿನಕ್ಕೆ ಎಷ್ಟು ಎಂದು ಮನೆಯಲ್ಲೇ ಅಂದಾಜು ಮಾಡಬಹುದು.

ತೂಕವೊಂದೇ ಸಾಲದು

ಒಂದು ಕೆ.ಜಿ. ಕೊಬ್ಬು ಕರಗಿದರೆ ಸುಮಾರು 9.4 ಮೆಗಾ ಕ್ಯಾಲೊರಿ ಶಕ್ತಿ ಸಿಗುತ್ತದೆ. ಕೊಬ್ಬಿಲ್ಲದ ಮಾಂಸಭಾಗದಲ್ಲಿ ಹೆಚ್ಚಿನ ಪಾಲು ನೀರು. ಅದರ ಒಂದು ಕೆ.ಜಿ. ಕರಗಿದರೆ ಸಿಗುವುದು ಸುಮಾರು 1.2 ಮಾತ್ರ. ಎಂಟು ಪಟ್ಟು ವ್ಯತ್ಯಾಸ! ಅದಕ್ಕೇ "ಹಸು 30 ಕೆ.ಜಿ. ಇಳಿದಿದೆ" ಎಂದರೆ ಲೆಕ್ಕ ಮುಗಿಯುವುದಿಲ್ಲ. ಅದರಲ್ಲಿ ಕೊಬ್ಬೆಷ್ಟು, ಮಾಂಸವೆಷ್ಟು ಎಂದು ತಿಳಿಯಬೇಕು. ಇದಕ್ಕೆ ಎರಡು ಅಳತೆ ಬೇಕು: ಟೇಪಿನಿಂದ ತೂಕ, ಕಣ್ಣು ಮತ್ತು ಕೈಯಿಂದ ದೇಹಸ್ಥಿತಿಯ ಅಂಕ.

ತೂಕಕ್ಕೆ ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನು ಇಂಚಿನಲ್ಲಿ ತೆಗೆದುಕೊಳ್ಳಿ. ಭುಜದ ಮುಂತುದಿಯಿಂದ ಬಾಲದ ಪಕ್ಕದ ಮೂಳೆಯವರೆಗಿನ ಉದ್ದವನ್ನೂ ಅಳೆಯಿರಿ. ಸುತ್ತಳತೆ × ಸುತ್ತಳತೆ × ಉದ್ದ ÷ 660 = ಕೆ.ಜಿ. ತೂಕ. ಬೆಳಿಗ್ಗೆ ಹಾಲು ಕರೆದ ಮೇಲೆ, ಮೇವು ನೀರು ಕೊಡುವ ಮೊದಲು, ಹಸು ಸಮತಟ್ಟು ನೆಲದಲ್ಲಿ ನಾಲ್ಕೂ ಕಾಲು ಊರಿ ನಿಂತಾಗ ಅಳೆಯಿರಿ. ಮೂರು ಸಲ ಅಳೆದು ಸರಾಸರಿ ತೆಗೆಯಿರಿ. ಸುತ್ತಳತೆಯಲ್ಲಿ ಒಂದು ಇಂಚು ತಪ್ಪಿದರೆ ತೂಕದಲ್ಲಿ ಸುಮಾರು 12–13 ಕೆ.ಜಿ. ತಪ್ಪುತ್ತದೆ.

ಅಂಕವನ್ನು 1ರಿಂದ 5ರವರೆಗೆ ಕೊಡುತ್ತೇವೆ. ಹಸುವಿನ ಪಕ್ಕದಲ್ಲಿ ನಿಂತು ಸೊಂಟದ ಮೂಳೆಯಿಂದ ಬಾಲದ ಪಕ್ಕದ ಮೂಳೆಯವರೆಗಿನ ಗೆರೆ ನೋಡಿ. ಅದು ಬಟ್ಟಲಿನಂತೆ ದುಂಡಗಿದ್ದರೆ ಅಂಕ 3.25 ಅಥವಾ ಹೆಚ್ಚು. ಚೂಪಾಗಿ ಒಳಗೆ ಇಳಿದಿದ್ದರೆ 3 ಅಥವಾ ಕಡಿಮೆ. ಚೂಪಾಗಿದ್ದು ಸೊಂಟದ ಮೂಳೆಯೂ ಮೂಲೆಮೂಲೆಯಾಗಿ ಎದ್ದು ಕಂಡು, ಬಾಲದ ಪಕ್ಕದ ಮೂಳೆಯ ಮೇಲೆ ಮಾತ್ರ ಕೈಗೆ ಮೆತ್ತಗೆ ಕೊಬ್ಬು ಸಿಕ್ಕರೆ 2.75. ಪ್ರತಿ ಸಲವೂ ಒಬ್ಬರೇ ಅಂಕ ಹಾಕಲಿ.

ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 2001ರಲ್ಲಿ ಹೈನು ಹಸುಗಳ ಪೋಷಣೆಗೆ ಕೊಟ್ಟ ಸೂತ್ರದಂತೆ, ಹೊಟ್ಟೆಯೊಳಗಿನ ಮೇವು ನೀರು ಕಳೆದ ಮೈತೂಕ ನೂರಕ್ಕೆ ಸುಮಾರು 82 ಪಾಲು. ಆ ಮೈತೂಕದಲ್ಲಿ ಕೊಬ್ಬು ಎಷ್ಟು ಎಂಬುದು ಅಂಕದಿಂದ ತಿಳಿಯುತ್ತದೆ:

ಅಂಕ 2.5 – ನೂರಕ್ಕೆ 15
ಅಂಕ 2.75 – ನೂರಕ್ಕೆ 17
ಅಂಕ 3 – ನೂರಕ್ಕೆ 18.8
ಅಂಕ 3.25 – ನೂರಕ್ಕೆ 20.7
ಅಂಕ 3.5 – ನೂರಕ್ಕೆ 22.6

ಉಳಿದದ್ದು ಕೊಬ್ಬಿಲ್ಲದ ಭಾಗ.

ಆ ಹಸುವಿನ ಲೆಕ್ಕ

ಕರು ಹಾಕಿದ 10ನೇ ದಿನ ಸುತ್ತಳತೆ 70 ಇಂಚು, ಉದ್ದ 60 ಇಂಚು, ಅಂಕ 3.5 ಇತ್ತು. ತೂಕ 445 ಕೆ.ಜಿ., ಮೇವು ನೀರು ಕಳೆದರೆ 365. ಅದರಲ್ಲಿ ಕೊಬ್ಬು 82.5, ಉಳಿದದ್ದು 282.5 ಕೆ.ಜಿ.

70ನೇ ದಿನ ಸುತ್ತಳತೆ 67 ಇಂಚು, ಅಂಕ 2.75. ತೂಕ 408 ಕೆ.ಜಿ., ಮೇವು ನೀರು ಕಳೆದರೆ 335. ಅದರಲ್ಲಿ ಕೊಬ್ಬು 57, ಉಳಿದದ್ದು 278 ಕೆ.ಜಿ.

ಅಂದರೆ 60 ದಿನದಲ್ಲಿ 25.5 ಕೆ.ಜಿ. ಕೊಬ್ಬು, 4.5 ಕೆ.ಜಿ. ಮಾಂಸಭಾಗ ಕರಗಿದೆ. ಕೊಬ್ಬಿನಿಂದ 240, ಮಾಂಸದಿಂದ 5, ಒಟ್ಟು 245 ಮೆಗಾ ಕ್ಯಾಲೊರಿ. 60ರಿಂದ ಭಾಗಿಸಿದರೆ ದಿನಕ್ಕೆ 4.1. ಮೈಯ ಶಕ್ತಿ ಹಾಲಾಗುವಾಗ ಸ್ವಲ್ಪ ನಷ್ಟವಾಗುತ್ತದೆ. ಇಲ್ಲೂ ನೂರಕ್ಕೆ 82 ಪಾಲು ಮಾತ್ರ ಹಾಲಿಗೆ ಸೇರುತ್ತದೆ. ಹಾಗಾಗಿ 3.4 ಉಳಿಯಿತು. ನೂರಕ್ಕೆ 4 ಕೊಬ್ಬಿನಂಶದ ಒಂದು ಲೀಟರ್ ಹಾಲಿಗೆ ಸುಮಾರು 0.75 ಬೇಕು. ಅಂದರೆ ದಿನಕ್ಕೆ ನಾಲ್ಕೂವರೆ ಲೀಟರ್ ಹಾಲು ಮೈಯಿಂದ ಬಂದದ್ದು! ಕೊಟ್ಟಿಗೆಯಲ್ಲಿ ಹಾಕಿದ ಮೇವು ಮತ್ತು ಪಶು ಆಹಾರ ಸಾಕಾಗಿದ್ದು ಹನ್ನೊಂದೂವರೆ ಲೀಟರಿಗೆ. ಇಷ್ಟು ಕೊರತೆ ಇರುವಾಗ ಅಂಡಾಶಯದ ಕೆಲಸ ಹಿಂದೆ ಬೀಳುತ್ತದೆ, ಬೆದೆ ತಡವಾಗುತ್ತದೆ.

ಸರಾಸರಿ ಎಂದರೆ ಇಂದಿನ ಕೊರತೆಯಲ್ಲ

ಇಲ್ಲೊಂದು ಎಚ್ಚರಿಕೆ. ಈ ನಾಲ್ಕೂವರೆ ಲೀಟರ್ 60 ದಿನದ ಸರಾಸರಿ. ಕರು ಹಾಕಿದ ಮೊದಲ ವಾರಗಳಲ್ಲಿ ಹಾಲು ಬೇಗ ಏರುತ್ತದೆ, ಹಸಿವು ನಿಧಾನವಾಗಿ ಏರುತ್ತದೆ. ಆದ್ದರಿಂದ ಕೊರತೆ ಮೊದಲು ಹೆಚ್ಚು, ಆಮೇಲೆ ಕಡಿಮೆ. ಆ ತಾಯಿ 40ನೇ ದಿನವೂ ಅಳೆದು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟಿದ್ದರು: ಸುತ್ತಳತೆ 68 ಇಂಚು, ಅಂಕ 3. ಅದರ ಪ್ರಕಾರ ಮೊದಲ 30 ದಿನ ಕೊರತೆ ದಿನಕ್ಕೆ 5.6 ಮೆಗಾ ಕ್ಯಾಲೊರಿ, ನಂತರದ 30 ದಿನ 2.6. ಹಸು ಚೇತರಿಸಿಕೊಳ್ಳುತ್ತಿತ್ತು. ಈಗ ತುಂಬಬೇಕಾದದ್ದು ಮೂರು ಲೀಟರಿಗೂ ಕಡಿಮೆ ಹಾಲಿನಷ್ಟು ಶಕ್ತಿ, ಅಂದರೆ ಸುಮಾರು ಒಂದೂವರೆ ಕೆ.ಜಿ. ಪಶು ಆಹಾರ. ಅದನ್ನೂ ಒಮ್ಮೆಗೇ ಹಾಕಿದರೆ ಹೊಟ್ಟೆಯಲ್ಲಿ ಆಮ್ಲ ಹೆಚ್ಚಿ ಹಸು ಮೇವು ಬಿಡುತ್ತದೆ. ಮೂರು ದಿನಕ್ಕೊಮ್ಮೆ ಅರ್ಧ ಕೆ.ಜಿ. ಏರಿಸಲು ಹೇಳಿದೆ. ಎರಡನೇ ತಿಂಗಳ ಕೊರತೆ ಮೊದಲನೆಯದಕ್ಕಿಂತ ಹೆಚ್ಚಿದ್ದಿದ್ದರೆ ಆಹಾರ ಏರಿಸುವ ಮೊದಲು ಕಾಲುನೋವು, ಗರ್ಭಕೋಶದ ಸೋಂಕು, ಕೀಟೋಸಿಸ್ ಇದೆಯೇ ಎಂದು ಹುಡುಕುತ್ತಿದ್ದೆ.

ಎಲ್ಲಿ ತಪ್ಪುತ್ತದೆ

ಅಂಕದಲ್ಲಿ ಕಾಲು ಪಾಲು ತಪ್ಪಿದರೆ ಆರು ಕೆ.ಜಿ.ಗಿಂತ ಹೆಚ್ಚು ಕೊಬ್ಬಿನ ತಪ್ಪು. 60 ದಿನಕ್ಕೆ ಹಂಚಿದರೆ ಅದು ದಿನಕ್ಕೆ ಸುಮಾರು ಒಂದು ಲೀಟರ್ ಹಾಲಿನಷ್ಟು. ಉತ್ತರ ಇನ್ನೂ ಉಪಯೋಗಕ್ಕೆ ಬರುತ್ತದೆ. ಅದೇ ತಪ್ಪನ್ನು 15 ದಿನಕ್ಕೆ ಹಂಚಿದರೆ ನಾಲ್ಕು ಲೀಟರ್! ಆಗ ಉತ್ತರವೇ ಸುಳ್ಳು. 30 ದಿನದ ಲೆಕ್ಕವನ್ನೂ ಕೊರತೆ ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ತಿಳಿಯಲು ಮಾತ್ರ ಬಳಸಿ.

ತೂಕ ತುಂಬಾ ಇಳಿದು ಅಂಕ ಹೆಚ್ಚು ಇಳಿಯದಿದ್ದರೆ ಮೊದಲು ಟೇಪು ಸರಿಯಾಗಿ ಹಿಡಿದಿರಾ ನೋಡಿ. ಅಳತೆ ಸರಿಯಿದ್ದರೆ ಮಾಂಸ ಕರಗುತ್ತಿದೆ ಎಂದರ್ಥ. ಹಸುವಿನ ಆರೋಗ್ಯ ತಪಾಸಣೆ ಮಾಡಿಸಿ. ಗಬ್ಬದ ಕೊನೆಯ ತಿಂಗಳುಗಳಲ್ಲಿ ಈ ಲೆಕ್ಕ ಬೇಡ, ಆಗ ಕರು ಮತ್ತು ಗರ್ಭದ ನೀರಿನ ತೂಕವೂ ಸೇರಿರುತ್ತದೆ. ಎಮ್ಮೆಗೂ ನಾಟಿ ಹಸುವಿಗೂ ಮೇಲಿನ ಕೊಬ್ಬಿನ ಪಟ್ಟಿ ಹೊಂದುವುದಿಲ್ಲ.

ನಿಮ್ಮ ಹಸು ಕರು ಹಾಕಿದ 10, 40, 70ನೇ ದಿನ ಸುತ್ತಳತೆ, ಉದ್ದ, ಅಂಕ ಈ ಮೂರನ್ನೂ ಬರೆದಿಡಿ. ಬೆದೆಗೆ ಬಂದಿಲ್ಲ ಎಂದು ನಮ್ಮನ್ನು ಕರೆಯುವಾಗ ಆ ಚೀಟಿ ಕೈಯಲ್ಲಿರಲಿ.