ಕಡೆಯ ಕಂತು ಕಟ್ಟಿದ ಮೇಲೆ ಆರ್.ಸಿ.ಯಿಂದ ಬ್ಯಾಂಕಿನ ಹೆಸರು ತೆಗೆಸುವ ಬಗೆ

ಸಾಲ ಮಾಡಿ ಮೋಟಾರು ಸೈಕಲ್ಲನ್ನೋ ಲಗೇಜ್ ಆಟೋವನ್ನೋ ಟ್ರ್ಯಾಕ್ಟರನ್ನೋ ಕೊಂಡ ರೈತರು ನಮ್ಮ ಹಳ್ಳಿಗಳಲ್ಲಿ ಬಹಳ ಮಂದಿ ಇದ್ದಾರೆ. ಕಂತುಗಳನ್ನು ತಪ್ಪದೆ ಕಟ್ಟಿ ಸಾಲ ತೀರಿಸಿದವರೂ ಬಹಳ ಮಂದಿ. ಆದರೆ ಸಾಲ ತೀರಿದ ಮೇಲೆ ಇನ್ನೂ ಒಂದು ಕೆಲಸ ಉಳಿದಿರುತ್ತದೆ. ವಾಹನದ ನೋಂದಣಿ ಪತ್ರದಲ್ಲಿ, ಎಂದರೆ ಆರ್.ಸಿ.ಯಲ್ಲಿ, ಸಾಲ ಕೊಟ್ಟವರ ಹೆಸರು ಬರೆದಿರುತ್ತದೆ. ಕಡೆಯ ಕಂತು ಕಟ್ಟಿದ ಮಾತ್ರಕ್ಕೆ ಆ ಹೆಸರು ತಾನಾಗಿ ಅಳಿಸಿಹೋಗುವುದಿಲ್ಲ. ಅದನ್ನು ತೆಗೆಸುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸಿದೆ.

ಎರಡು ಲೆಕ್ಕದ ಪುಸ್ತಕಗಳು

ಒಡವೆಯನ್ನು ಅಡವಿಟ್ಟು ಸಾಲ ತಂದರೆ ಒಡವೆ ಬ್ಯಾಂಕಿನ ಪೆಟ್ಟಿಗೆಯಲ್ಲಿರುತ್ತದೆ. ಸಾಲ ತೀರಿದ ದಿನ ಅದನ್ನು ಕೈಗೆ ಕೊಡುತ್ತಾರೆ, ಅಲ್ಲಿಗೆ ವ್ಯವಹಾರ ಮುಗಿಯಿತು. ವಾಹನದ ಸಾಲ ಹಾಗಲ್ಲ. ವಾಹನ ಮೊದಲ ದಿನದಿಂದಲೂ ನಮ್ಮ ಮನೆಯ ಮುಂದೆಯೇ ಇರುತ್ತದೆ, ಅದರ ಮೇಲಿನ ಹಕ್ಕು ಮಾತ್ರ ಸಾಲ ಕೊಟ್ಟವರಿಗೆ ಇರುತ್ತದೆ. ಇದಕ್ಕೆ ಹೈಪಾಥಿಕೇಷನ್ ಎಂದು ಹೆಸರು. ಜನರು ಸುಲಭವಾಗಿ ಎಚ್.ಪಿ. ಎನ್ನುತ್ತಾರೆ. ಆ ಹಕ್ಕು ಎಲ್ಲರಿಗೂ ತಿಳಿಯುವಂತೆ ಆರ್.ಟಿ.ಓ. ಕಚೇರಿಯ ದಾಖಲೆಯಲ್ಲಿ ಬರೆಸಿಡುತ್ತಾರೆ.

ಹೀಗೆ ಒಂದೇ ಸಾಲಕ್ಕೆ ಎರಡು ಪುಸ್ತಕಗಳಾದವು. ಒಂದು ಬ್ಯಾಂಕಿನ ಸಾಲದ ಖಾತೆ, ಇನ್ನೊಂದು ಆರ್.ಟಿ.ಓ. ದಾಖಲೆ. ನಾವು ಕಟ್ಟಿದ ಕಂತು ಮೊದಲನೆಯದರಲ್ಲಿ ಮಾತ್ರ ಜಮೆಯಾಗುತ್ತದೆ. ಎರಡನೆಯದನ್ನು ಬದಲಾಯಿಸಲು ಒಪ್ಪಂದ ಮುಗಿದುದಕ್ಕೆ ಪುರಾವೆ ಕೊಟ್ಟು ಅರ್ಜಿ ಹಾಕಬೇಕೆಂದು 1988ರ ಮೋಟಾರು ವಾಹನ ಕಾಯಿದೆಯ 51ನೆಯ ಕಲಮು ಹೇಳುತ್ತದೆ. ಸಾಲ ಕೊಟ್ಟವರ ಹೆಸರು ದಾಖಲೆಯಲ್ಲಿ ಇರುವವರೆಗೆ ಅವರ ಲಿಖಿತ ಒಪ್ಪಿಗೆ ಇಲ್ಲದೆ ವಾಹನವನ್ನು ಇನ್ನೊಬ್ಬರ ಹೆಸರಿಗೆ ವರ್ಗ ಮಾಡಲಾಗದು ಎಂಬುದೂ ಅದೇ ಕಲಮಿನಲ್ಲಿದೆ.

ಒಂದು ಉದಾಹರಣೆ

ಕಗ್ಗದಾಸಪುರದಲ್ಲಿ ತರಕಾರಿ ವ್ಯಾಪಾರ ಮಾಡುವ ಒಬ್ಬರಿದ್ದಾರೆ ಎಂದು ಇಟ್ಟುಕೊಳ್ಳೋಣ. ಅವರು 2021ರ ಜೂನ್ ತಿಂಗಳಲ್ಲಿ 1,80,000 ರೂಪಾಯಿ ಸಾಲ ಮಾಡಿ ಒಂದು ಲಗೇಜ್ ಆಟೋ ಕೊಂಡರು. ತಿಂಗಳಿಗೆ 6,300 ರೂಪಾಯಿಯಂತೆ 36 ಕಂತು. 2024ರ ಜೂನ್‌ನಲ್ಲಿ ಕಡೆಯ ಕಂತೂ ಸಂದಿತು. ಸಾಲ ತೀರಿತೆಂದು ಅವರು ಆ ಮಾತನ್ನೇ ಮರೆತರು.

ಅಕ್ಟೋಬರ್‌ನಲ್ಲಿ ಹೊಸಕೋಟೆ ತಾಲ್ಲೂಕಿನ ರೈತರೊಬ್ಬರು ಆ ಆಟೋವನ್ನು 95,000 ರೂಪಾಯಿಗೆ ಕೊಳ್ಳಲು ಒಪ್ಪಿ 10,000 ಮುಂಗಡ ಕೊಟ್ಟರು. ಕಾಗದ ನೋಡಿದಾಗ ಆರ್.ಸಿ.ಯಲ್ಲಿ ಸಾಲ ಕೊಟ್ಟ ಕಂಪನಿಯ ಹೆಸರು ಹಾಗೆಯೇ ಇದೆ. ಕಂಪನಿಯ ಶಾಖೆಗೆ ಹೋಗಿ ಕೇಳಿದರೆ "ನಿಮ್ಮ ಖಾತೆ ಇನ್ನೂ ಮುಚ್ಚಿಲ್ಲ" ಎಂಬ ಉತ್ತರ ಬಂತು. 2022ರ ಆಗಸ್ಟ್‌ನಲ್ಲಿ ಬ್ಯಾಂಕಿನಲ್ಲಿ ಹಣ ಸಾಲದೆ ಒಂದು ಕಂತು ವಾಪಸಾಗಿತ್ತು. ಐದು ದಿನದ ಮೇಲೆ ಕಂತನ್ನೇನೋ ಕಟ್ಟಿದರು, ವಾಪಸಾದುದಕ್ಕೆ ಹಾಕಿದ 590 ರೂಪಾಯಿ ಶುಲ್ಕವನ್ನು ಕಟ್ಟಿರಲಿಲ್ಲ. ಆ 590 ರೂಪಾಯಿಗಾಗಿ 95,000 ರೂಪಾಯಿಯ ವ್ಯಾಪಾರ ನಿಂತಿತು.

ಇಂಥದು ಅಪರೂಪವಲ್ಲ. ಆದ್ದರಿಂದ ಮಾಡಬೇಕಾದ ಕೆಲಸವನ್ನು ಕ್ರಮವಾಗಿ ನೋಡೋಣ.

ಮೊದಲನೆಯ ಹೆಜ್ಜೆ: ಖಾತೆ ಸೊನ್ನೆಯಾಗಿದೆಯೇ?

ಕಡೆಯ ಕಂತು ಕಟ್ಟಿದ ವಾರದಲ್ಲಿಯೇ ಶಾಖೆಗೆ ಹೋಗಿ ಸಾಲದ ಖಾತೆಯ ಪೂರ್ತಿ ಲೆಕ್ಕದ ಪಟ್ಟಿ ಕೇಳಿ ಪಡೆಯಿರಿ. ಕಂತುಗಳ ಸಂಖ್ಯೆಯನ್ನು ಎಣಿಸಿದರೆ ಸಾಲದು, ಪಟ್ಟಿಯ ಕೊನೆಯ ಸಾಲಿನಲ್ಲಿ ಬಾಕಿ ಸೊನ್ನೆ ಎಂದಿರಬೇಕು. ತಡವಾದುದಕ್ಕೆ ದಂಡ, ಕಂತು ವಾಪಸಾದುದಕ್ಕೆ ಶುಲ್ಕ ಮೊದಲಾದವು ಇದ್ದರೆ ಅವು ಯಾವ ತಾರೀಖಿನವು ಎಂದು ಕೇಳಿ. ಸರಿಯಾಗಿದ್ದರೆ ಕಟ್ಟಿ ರಸೀದಿ ಪಡೆಯಿರಿ, ತಪ್ಪೆಂದು ಕಂಡರೆ ಬರವಣಿಗೆಯಲ್ಲಿ ತಕರಾರು ಕೊಡಿ.

ಕೆಲವು ವೇಳೆ ಈ ಖಾತೆ ಸೊನ್ನೆಯಾಗಿದ್ದರೂ ಕಾಗದ ಕೊಡುವುದಿಲ್ಲ. ನೀವು ಬೇರೆಯವರ ಸಾಲಕ್ಕೆ ಜಾಮೀನು ನಿಂತು ಅವರು ಕಟ್ಟದೆ ಇರಬಹುದು, ಅಥವಾ ಅಲ್ಲಿಯೇ ನಿಮ್ಮ ಇನ್ನೊಂದು ಸಾಲ ಬಾಕಿ ಇರಬಹುದು. ಯಾವ ಖಾತೆಗಾಗಿ, ಯಾವ ಷರತ್ತಿನ ಮೇಲೆ ತಡೆದಿದ್ದಾರೆ ಎಂಬುದನ್ನು ಬಾಯಿ ಮಾತಿನಲ್ಲಿ ಬಿಡದೆ ಬರೆದು ಕೊಡಲು ಕೇಳಿ.

ಎರಡನೆಯ ಹೆಜ್ಜೆ: ಎನ್.ಓ.ಸಿ. ಮತ್ತು ಫಾರಂ 35

ಸಾಲ ಕೊಟ್ಟವರಿಂದ ಎರಡು ಬಗೆಯ ಕಾಗದ ಬರಬೇಕು. ಸಾಲ ತೀರಿದೆ, ಹೆಸರು ತೆಗೆಯಲು ನಮ್ಮ ಅಭ್ಯಂತರವಿಲ್ಲ ಎಂಬ ಎನ್.ಓ.ಸಿ. ಒಂದು. ಒಪ್ಪಂದ ಮುಗಿಯಿತೆಂದು ಆರ್.ಟಿ.ಓ.ಗೆ ತಿಳಿಸುವ ಫಾರಂ 35 ಇನ್ನೊಂದು, ಇದು ಎರಡು ಪ್ರತಿ ಬೇಕು. ಫಾರಂ 35ಕ್ಕೆ ವಾಹನದ ಮಾಲೀಕರೂ ಸಾಲ ಕೊಟ್ಟವರೂ ಇಬ್ಬರೂ ಸಹಿ ಮಾಡಬೇಕು, ಅವರ ಮೊಹರೂ ಇರಬೇಕು. ಫಾರಂ 34 ಎಂಬುದು ಹೆಸರು ಸೇರಿಸುವುದಕ್ಕೆ ಇರುವ ಫಾರಂ. ಎರಡನ್ನೂ ಅದಲುಬದಲು ಮಾಡಿಕೊಳ್ಳಬಾರದು.

ಕಾಗದ ಕೈಗೆ ಬಂದೊಡನೆ ಶಾಖೆಯಲ್ಲಿಯೇ ಕುಳಿತು ಆರ್.ಸಿ.ಯೊಡನೆ ತಾಳೆ ನೋಡಿ. ನೋಂದಣಿ ಸಂಖ್ಯೆ, ಚಾಸಿಸ್ ಸಂಖ್ಯೆ, ಎಂಜಿನ್ ಸಂಖ್ಯೆ, ನಿಮ್ಮ ಹೆಸರಿನ ಅಕ್ಷರಗಳು ಎಲ್ಲವೂ ಹೊಂದಬೇಕು. ಒಂದು ಅಂಕಿ ತಪ್ಪಿದರೂ ಅರ್ಜಿ ಹಿಂದಕ್ಕೆ ಬರುತ್ತದೆ.

ಬ್ಯಾಂಕಿನ ಹೆಸರನ್ನೂ ನೋಡತಕ್ಕದ್ದು. ಮೈಸೂರು ಬ್ಯಾಂಕು 2017ರಲ್ಲಿ ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿಯೂ, ವಿಜಯಾ ಬ್ಯಾಂಕು 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿಯೂ, ಸಿಂಡಿಕೇಟ್ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿಯೂ ಸೇರಿಹೋದವು. ಹಳೆಯ ಆರ್.ಸಿ.ಯಲ್ಲಿ ಹಳೆಯ ಹೆಸರೇ ಇರುತ್ತದೆ, ಎನ್.ಓ.ಸಿ. ಹೊಸ ಹೆಸರಿನಲ್ಲಿ ಬರುತ್ತದೆ. ಹಳೆಯ ಬ್ಯಾಂಕು ತಮ್ಮಲ್ಲಿ ಸೇರಿದೆ ಎಂಬ ಮಾತನ್ನು ಎನ್.ಓ.ಸಿ.ಯಲ್ಲಿಯೇ ಬರೆಸಿಕೊಂಡರೆ ಕಚೇರಿಯಲ್ಲಿ ಪ್ರಶ್ನೆ ಏಳುವುದಿಲ್ಲ.

ಎನ್.ಓ.ಸಿ.ಯ ತಾರೀಖನ್ನು ಮರೆಯಬೇಡಿ. ಎಷ್ಟೋ ಎನ್.ಓ.ಸಿ.ಗಳಲ್ಲಿ ಇಂತಿಷ್ಟು ದಿನ ಮಾತ್ರ ಚಾಲ್ತಿ ಎಂದು ಬರೆದಿರುತ್ತಾರೆ, ಸಾಮಾನ್ಯವಾಗಿ ಮೂರು ತಿಂಗಳು. ಪೆಟ್ಟಿಗೆಯಲ್ಲಿ ಇಟ್ಟು ಮರೆತರೆ ಹೊಸದಕ್ಕಾಗಿ ಮತ್ತೆ ಅಲೆಯಬೇಕು.

ಮೂರನೆಯ ಹೆಜ್ಜೆ: ಆರ್.ಟಿ.ಓ.ಗೆ ಅರ್ಜಿ

ಅರ್ಜಿ ವಾಹನ ನೋಂದಣಿಯಾಗಿರುವ ಕಚೇರಿಗೆ ಸಲ್ಲುತ್ತದೆ. ಸಂಖ್ಯೆ ಕೆಎ-03 ಎಂದಿದ್ದರೆ ಬೆಂಗಳೂರು ಪೂರ್ವ ಕಚೇರಿ, ಕೆಎ-53 ಎಂದಿದ್ದರೆ ಕೃಷ್ಣರಾಜಪುರದ ಕಚೇರಿ. ಈಗ ಅರ್ಜಿಯನ್ನು parivahan.gov.in ಎಂಬ ಸರ್ಕಾರದ ಜಾಲತಾಣದಲ್ಲಿ ತುಂಬಬೇಕು. ನೋಂದಣಿ ಸಂಖ್ಯೆ ಮತ್ತು ಚಾಸಿಸ್ ಸಂಖ್ಯೆಯ ಕೊನೆಯ ಐದು ಅಕ್ಷರಗಳನ್ನು ಹಾಕಿದರೆ ದಾಖಲೆಯಲ್ಲಿರುವ ಮೊಬೈಲಿಗೆ ಓ.ಟಿ.ಪಿ. ಬರುತ್ತದೆ. ಅನೇಕರ ಕೆಲಸ ನಿಲ್ಲುವುದು ಇಲ್ಲಿಯೇ. ವಾಹನ ಕೊಂಡಾಗ ಮಾರಿದ ಅಂಗಡಿಯವರ ನಂಬರನ್ನೋ ಈಗ ಬಳಕೆಯಲ್ಲಿಲ್ಲದ ನಂಬರನ್ನೋ ಬರೆಸಿರುತ್ತಾರೆ. ಅಂಥವರು ಮೊದಲು ಅದೇ ತಾಣದಲ್ಲಿ ಮೊಬೈಲ್ ನಂಬರ್ ಬದಲಾಯಿಸಿಕೊಳ್ಳಬೇಕು.

ಅರ್ಜಿಯೊಡನೆ ಆರ್.ಸಿ., ಎನ್.ಓ.ಸಿ., ಎರಡು ಫಾರಂ 35, ಚಾಲ್ತಿಯಲ್ಲಿರುವ ವಿಮೆ, ಹೊಗೆ ತಪಾಸಣೆಯ ಚೀಟಿ, ವಿಳಾಸದ ಪುರಾವೆ ಬೇಕು. ಬಾಡಿಗೆಗೆ ಓಡಿಸುವ ವಾಹನವಾದರೆ ಎಫ್.ಸಿ.ಯೂ ಚಾಲ್ತಿಯಲ್ಲಿರಲಿ. ಶುಲ್ಕ ವಾಹನದ ಬಗೆಯ ಮೇಲೆ ಹೋಗುತ್ತದೆ, ಹಣ ಕಟ್ಟುವ ಮೊದಲು ಮೊತ್ತ ತೆರೆಯ ಮೇಲೆ ಕಾಣುತ್ತದೆ. ರಸೀದಿಯಲ್ಲಿರುವ ಅರ್ಜಿ ಸಂಖ್ಯೆಯನ್ನು ಜೋಪಾನವಾಗಿಡಿ, ಅರ್ಜಿ ಎಲ್ಲಿಯವರೆಗೆ ಬಂತೆಂದು ಅದರಿಂದಲೇ ತಿಳಿಯಬಹುದು. ಕೊಟ್ಟ ಪ್ರತಿಯೊಂದು ಕಾಗದದ ನಕಲನ್ನೂ ಮನೆಯಲ್ಲಿಟ್ಟುಕೊಳ್ಳಿ.

ಕೆಲಸ ಆಯಿತೆಂದು ತಿಳಿಯುವುದು ಹೇಗೆ?

ಅರ್ಜಿ ಕೊಟ್ಟ ರಸೀದಿ ಕೆಲಸವಾದುದಕ್ಕೆ ಗುರುತಲ್ಲ. ಹೊಸ ಆರ್.ಸಿ.ಯಲ್ಲಿಯೂ ಎಂಪರಿವಾಹನ್ ಆಪಿನಲ್ಲಿ ಕಾಣುವ ದಾಖಲೆಯಲ್ಲಿಯೂ ಸಾಲ ಕೊಟ್ಟವರ ಹೆಸರು ಇರಬಾರದು. ಅದಾದ ಮೇಲೆ ವಿಮಾ ಕಂಪನಿಗೆ ಹೊಸ ಆರ್.ಸಿ.ಯ ನಕಲು ಕೊಟ್ಟು ಪಾಲಿಸಿಯಿಂದಲೂ ಹೆಸರು ತೆಗೆಸಿ. ಇಲ್ಲದಿದ್ದರೆ ವಾಹನ ಕಳವಾದಾಗಲೋ ಪೂರ್ತಿ ನಾಶವಾದಾಗಲೋ ವಿಮೆಯ ಹಣದ ಮೇಲೆ ಮೊದಲ ಹಕ್ಕು ಪಾಲಿಸಿಯಲ್ಲಿ ಹೆಸರಿರುವ ಬ್ಯಾಂಕಿನದೆಂದು ಕಾಣುತ್ತದೆ, ಹಣ ನಿಮ್ಮ ಕೈ ಸೇರುವುದು ತಡವಾಗುತ್ತದೆ.

ಟ್ರ್ಯಾಕ್ಟರ್ ಸಾಲ ಮಾಡಿದವರು ಇನ್ನೊಂದು ಕಡೆಯೂ ನೋಡಬೇಕು. ಆ ಸಾಲಕ್ಕೆ ಜಮೀನನ್ನೂ ಆಧಾರ ಕೊಟ್ಟಿದ್ದರೆ ಪಹಣಿಯ 11ನೆಯ ಕಲಮಿನಲ್ಲಿ ಬ್ಯಾಂಕಿನ ಋಣ ದಾಖಲಾಗಿರುತ್ತದೆ. ಆರ್.ಟಿ.ಓ. ಅದನ್ನು ತೆಗೆಯುವುದಿಲ್ಲ. ಅದಕ್ಕೆ ಬ್ಯಾಂಕಿನಿಂದ ಬೇರೆ ಪತ್ರ ಪಡೆಯಬೇಕು.

ಬ್ಯಾಂಕು ತಡಮಾಡಿದರೆ

ರಿಸರ್ವ್ ಬ್ಯಾಂಕು 2023ರ ಸೆಪ್ಟೆಂಬರ್‌ನಲ್ಲಿ ಒಂದು ಆದೇಶ ಹೊರಡಿಸಿತು. ವ್ಯಕ್ತಿಗಳು ಮಾಡಿದ ಸ್ವಂತದ ಸಾಲ ಪೂರ್ತಿ ತೀರಿದ 30 ದಿನದೊಳಗೆ ಬ್ಯಾಂಕು ಮತ್ತು ಫೈನಾನ್ಸ್ ಕಂಪನಿಗಳು ಮೂಲ ಕಾಗದಗಳನ್ನು ಹಿಂದಿರುಗಿಸಿ, ದಾಖಲೆಯಲ್ಲಿನ ತಮ್ಮ ಹಕ್ಕನ್ನು ತೆಗೆಯಬೇಕು. ತಮ್ಮ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿಯಂತೆ ಪರಿಹಾರ ಕೊಡಬೇಕು. ಇದು 2023ರ ಡಿಸೆಂಬರ್ 1ರಿಂದ ನಡೆಯಿತು. ಸ್ವಂತ ಬಳಕೆಯ ಬೈಕು, ಕಾರುಗಳ ಸಾಲ ಇದರಲ್ಲಿ ಬರುತ್ತದೆ. ವ್ಯಾಪಾರದ ವಾಹನದ ಸಾಲ ಆ ಬಗೆಯ ಸಾಲದ ಲೆಕ್ಕಕ್ಕೆ ಸೇರಿಲ್ಲ, ಆದ್ದರಿಂದ ಉದಾಹರಣೆಯಲ್ಲಿ ಹೇಳಿದ ಲಗೇಜ್ ಆಟೋದವರು ಈ ಪರಿಹಾರವನ್ನು ನೆಚ್ಚಿಕೊಳ್ಳುವಂತಿಲ್ಲ. ಆದರೆ ದೂರು ಕೊಡುವ ದಾರಿ ಅವರಿಗೂ ಇದೆ. ಮೊದಲು ಶಾಖೆಗೆ ಬರೆದು ಕೊಟ್ಟು ಸ್ವೀಕೃತಿ ಪಡೆಯಬೇಕು. 30 ದಿನದಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ cms.rbi.org.in ತಾಣದಲ್ಲಿ ದೂರು ಸಲ್ಲಿಸಬಹುದು. ಇದಕ್ಕೆ ಶುಲ್ಕವಿಲ್ಲ.

ಹಳೆಯ ವಾಹನ ಕೊಳ್ಳುವವರಿಗೆ

ಪಟ್ಟಣದಿಂದ ಹಳೆಯ ವಾಹನ ತರುವ ರೈತರು ಹೊಸಕೋಟೆಯ ಆ ರೈತರಂತೆ ಮುಂಗಡ ಕೊಟ್ಟ ಮೇಲೆ ಕಾಗದ ನೋಡಬಾರದು, ಮೊದಲೇ ನೋಡಬೇಕು. ಆರ್.ಸಿ.ಯಲ್ಲಿ ಎಚ್.ಪಿ. ಇದ್ದರೆ "ಸಾಲ ತೀರಿದೆ" ಎಂಬ ಮಾತನ್ನು ನಂಬಿ ಪೂರ್ತಿ ಹಣ ಕೊಡಬೇಡಿ. ಮಾರುವವರೇ ಹೆಸರು ತೆಗೆಸಿ ಹೊಸ ಆರ್.ಸಿ. ತೋರಿಸಲಿ, ಆಮೇಲೆ ಉಳಿದ ಹಣ ಎಣಿಸಿಕೊಡಿ. ಸಾಲ ಬಾಕಿ ಇದ್ದ ವಾಹನವನ್ನು ತಂದರೆ ಸಾಲ ಕೊಟ್ಟವರು ಅದನ್ನು ನಿಮ್ಮ ಮನೆಯ ಮುಂದಿನಿಂದಲೇ ವಶಪಡಿಸಿಕೊಳ್ಳಲು ಬರಬಹುದು. ಆಗ ನಿಮ್ಮ ಕೈಯಲ್ಲಿ ಉಳಿಯುವುದು ಮಾರಿದವರು ಕೊಟ್ಟ ಚೀಟಿ ಮಾತ್ರ.