ಕಪಾಟಿನಲ್ಲಿ ಕೂತ ದುಡ್ಡು

ಎಲೆಕ್ಟ್ರಿಕಲ್ ಅಂಗಡಿಯೊಂದರ ಗೋದಾಮಿನ ಆರು ತಿಂಗಳ ಸ್ಟಾಕ್ ವರದಿ ನೋಡುತ್ತಿದ್ದೆ. 300 ರೂಪಾಯಿ ಅಸಲಿನ ಹಳೇ ಮಾದರಿಯ ಫ್ಯಾನ್ ರೆಗ್ಯುಲೇಟರ್: ಆರಂಭದಲ್ಲಿ 40, ಹೊಸದಾಗಿ ಬಂದದ್ದು ಸೊನ್ನೆ, ಹೊರಹೋದದ್ದು 12. ಪರವಾಗಿಲ್ಲ ಅನ್ನಿಸಿತು. ಬಿಲ್ಲು ತೆಗೆದು ನೋಡಿದರೆ, ಅದರಲ್ಲಿ 10 ಬರೀ ಅಂಗಡಿಯ ಕಪಾಟಿಗೆ ಸಾಗಿಸಿದ್ದು, ಮಾರಿದ್ದು ಎರಡೇ!

ಈ ವೇಗದಲ್ಲಿ ಉಳಿದ 38 ಖಾಲಿಯಾಗಲು ಒಂಬತ್ತೂವರೆ ವರ್ಷ ಬೇಕು. ಆದ್ದರಿಂದ ವರ್ಗಾವಣೆ ಬಿಟ್ಟು, ಗಿರಾಕಿಗೆ ಕೊನೆಯ ಬಿಲ್ ಆದ ದಿನವನ್ನೇ ನೋಡಬೇಕು.

ಮೊದಲು ಡಿಸ್ಟ್ರಿಬ್ಯೂಟರ್ ವಾಪಸ್ ತೆಗೆದುಕೊಳ್ಳುತ್ತಾರಾ ಕೇಳಿ. ಇಲ್ಲವೆಂದರೆ ರಿಪೇರಿ ಮಾಡುವ ಎಲೆಕ್ಟ್ರಿಷಿಯನ್‌ಗಳಿಗೆ 180ರಂತೆ ಒಟ್ಟಿಗೆ ಕೊಡಿ. ಹಳೇ ಮನೆಗಳ ಬೋರ್ಡಿಗೆ ಅದೇ ಮಾದರಿ ಬೇಕಾಗುತ್ತದೆ. ನಷ್ಟವೇ, ನಿಜ. ಆದರೆ ಎಸೆದರೆ ಅಥವಾ ಉಡುಗೊರೆಯಾಗಿ ಕೊಟ್ಟರೆ, ಖರೀದಿಯಲ್ಲಿ ಪಡೆದ ಜಿಎಸ್‌ಟಿ ಕ್ರೆಡಿಟ್ಟನ್ನೂ ಹಿಂತಿರುಗಿಸಬೇಕಾಗುತ್ತದೆ.